ತೋಟದ ಎಚ್ಚರಿಕೆ ಗಂಟೆಗೆ ಒಂದೇ ಬಗೆಯ ಗೇಟು

ಪೆರ್ಲ, ಬದಿಯಡ್ಕದ ಕಡೆಯ ಅಡಿಕೆ ತೋಟಗಳಲ್ಲಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ನೀರು ಸಣ್ಣಗೆ ಹರಿದು ಕೆಳಗಿನ ಕೆರೆಗೆ ಬೀಳುತ್ತದೆ. ಆ ಕೆರೆಯಿಂದ ಪಂಪು ನೀರನ್ನು ಮೇಲಿನ ಟ್ಯಾಂಕಿಗೆ ಏರಿಸುತ್ತದೆ. ಬೇಸಿಗೆ ಬಲಿತಂತೆ ಸುರಂಗದ ಹರಿವು ಸೊರಗುತ್ತದೆ, ಪಂಪು ಎಳೆಯುವಷ್ಟು ಬೇಗ ಕೆರೆ ತುಂಬುವುದಿಲ್ಲ. ನೀರಿಲ್ಲದೆ ಓಡಿದ ಪಂಪಿನ ಸೀಲು ಬಿಸಿಯಾಗಿ ಕೆಡುತ್ತದೆ. ಇತ್ತ ಟ್ಯಾಂಕು ತುಂಬಿ ಹೊರಚೆಲ್ಲಿದರೆ ಅಷ್ಟು ಕಷ್ಟದಿಂದ ಸಿಕ್ಕ ನೀರು ಗುಡ್ಡದ ಪಾಲಾಗುತ್ತದೆ. ಈ ಎರಡು ಸಂದರ್ಭಗಳಲ್ಲೂ ಮನೆಯಲ್ಲಿ ಒಂದು ಗಂಟೆ ಬಾರಿಸಬೇಕು. ಎಲೆಕ್ಟ್ರಾನಿಕ್ಸ್ ಕಲಿಯುವ ನಮ್ಮೂರ ಮಕ್ಕಳಿಗೆ ಲಾಜಿಕ್ ಗೇಟುಗಳನ್ನು ಹೇಳಿಕೊಡುವಾಗ ನಾನು ಹಿಡಿಯುವ ಉದಾಹರಣೆ ಇದೇ. ತಂತಿ, ತೇಲು ಸ್ವಿಚ್ಚು, ಗಂಟೆ ಎಲ್ಲವೂ ಅವರ ಕಣ್ಣಳತೆಯಲ್ಲೇ ಇರುತ್ತವೆ.

ಮೂರು ಸಂಕೇತಗಳನ್ನು ಇಟ್ಟುಕೊಳ್ಳೋಣ. ಪಂಪು ಓಡುತ್ತಿದ್ದರೆ A = 1. ಕೆರೆಯ ನೀರು ಗುರುತಿಗಿಂತ ಕೆಳಗಿಳಿದಿದ್ದರೆ B = 1. ಟ್ಯಾಂಕು ಕಂಠದವರೆಗೆ ತುಂಬಿದ್ದರೆ C = 1. ಪಂಪು ಓಡುತ್ತಿದ್ದು ಕೆರೆಯೂ ತಳ ಕಂಡಿದ್ದರೆ ಗಂಟೆ ಬಾರಿಸಬೇಕು, ಟ್ಯಾಂಕು ತುಂಬಿದರೂ ಬಾರಿಸಬೇಕು. ಬರೆದರೆ ಇಷ್ಟೇ:

```
F = AB + C
```

ಇಲ್ಲಿ AB ಎಂದರೆ A ಮತ್ತು B ಎರಡೂ 1 ಆಗಿರುವುದು, ಅದು ಆ್ಯಂಡ್ ಗೇಟಿನ ಕೆಲಸ. ಕೂಡಿಸುವ ಚಿಹ್ನೆ ಆರ್ ಗೇಟಿನದು, ಎರಡರಲ್ಲಿ ಒಂದಾದರೂ 1 ಇದ್ದರೆ ಸಾಕು. ಹೀಗೆಯೇ ಕಟ್ಟಲು ಹೊರಟರೆ ಎರಡು ಐಸಿ ಬೇಕು: ಆ್ಯಂಡ್‌ಗೆ 7408, ಆರ್‌ಗೆ 7432. ಒಂದೊಂದರಲ್ಲೂ ನಾಲ್ಕು ಗೇಟುಗಳಿರುತ್ತವೆ, ನಮಗೆ ಬೇಕಾದದ್ದು ಒಂದೊಂದೇ. ಉಳಿದ ಆರು ಸುಮ್ಮನೆ ಕೂರುತ್ತವೆ. ಅದರ ಬದಲು ನಾಲ್ಕು ನ್ಯಾಂಡ್ ಗೇಟುಗಳಿರುವ ಒಂದೇ ಒಂದು 7400 ಇದ್ದರೆ ಇಡೀ ಗಂಟೆಯ ಕೆಲಸ ಮುಗಿಯುತ್ತದೆ.

ನ್ಯಾಂಡ್ ಎಂದರೆ ಆ್ಯಂಡ್ ಗೇಟಿನ ಉತ್ತರವನ್ನು ತಿರುವಿ ಹಾಕುವುದು: 1 ಬರಬೇಕಾದಲ್ಲಿ 0, 0 ಬರಬೇಕಾದಲ್ಲಿ 1. ಚಿತ್ರದಲ್ಲಿ ಆ್ಯಂಡ್ ಗೇಟಿನಿಂದ ಉತ್ತರ ಹೊರಬರುವ ಮೂತಿಗೆ ಒಂದು ಪುಟ್ಟ ಗುಳ್ಳೆ ಬರೆಯುತ್ತಾರೆ. ತಿರುವು ಇರುವುದು ಆ ಗುಳ್ಳೆಯಲ್ಲಿ. ಬರಹದಲ್ಲಿ ಅದನ್ನು ಮೇಲಿನ ಒಂದು ಗೀಟಿನಿಂದ, A' ಎಂಬಂತೆ ತೋರಿಸೋಣ.

ಗುಳ್ಳೆಗಳನ್ನು ಅತ್ತಿತ್ತ ಸರಿಸಲು ಅನುಮತಿ ಕೊಡುವುದು ಡಿ ಮಾರ್ಗನ್ ನಿಯಮ. ಆಗಸ್ಟಸ್ ಡಿ ಮಾರ್ಗನ್ ಇಂಗ್ಲೆಂಡಿನ ಗಣಿತಜ್ಞನಾದರೂ ಹುಟ್ಟಿದ್ದು 1806ರಲ್ಲಿ, ಮಧುರೆಯಲ್ಲಿ. ಆಗ ನಮ್ಮ ಕಾಸರಗೋಡೂ ಅದೇ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು ಎಂಬುದನ್ನು ಪಾಠದ ನಡುವೆ ಹೇಳಲು ನನಗೆ ಯಾವಾಗಲೂ ಇಷ್ಟ. ನಿಯಮ ಸರಳ. "ನೀರೂ ಇದೆ, ಕರೆಂಟೂ ಇದೆ" ಎಂಬ ಮಾತು ಸುಳ್ಳಾದರೆ ನೀರಾದರೂ ಇಲ್ಲ, ಕರೆಂಟಾದರೂ ಇಲ್ಲ ಎಂದರ್ಥ. ಎರಡೂ ಇಲ್ಲದಿರಲೂಬಹುದು. ಅಂದರೆ (XY)' ಮತ್ತು X' + Y' ಒಂದೇ. ಗೇಟಿನ ಭಾಷೆಯಲ್ಲಿ ಹೇಳುವುದಾದರೆ, ಮೂತಿಯಲ್ಲಿ ಗುಳ್ಳೆಯಿರುವ ಆ್ಯಂಡ್ ಗೇಟೂ ಸಂಕೇತ ಒಳಹೋಗುವ ಎರಡು ಕಿವಿಗಳಲ್ಲೂ ಗುಳ್ಳೆಯಿರುವ ಆರ್ ಗೇಟೂ ಒಂದೇ ವಸ್ತುವಿನ ಎರಡು ಚಿತ್ರಗಳು. "ಎರಡು ಕಿವಿಗಳಲ್ಲೂ" ಎಂಬುದನ್ನು ದಯವಿಟ್ಟು ನೆನಪಿಡಿ, ಮುಂದೆ ಬರುವ ಫಜೀತಿಯೆಲ್ಲ ಅದನ್ನು ಮರೆಯುವುದರಿಂದಲೇ.

ಈಗ ಚಿತ್ರಕ್ಕೆ ಬರೋಣ. ಎಡಗಡೆ A, B ಹೋಗುವ ಆ್ಯಂಡ್ ಗೇಟು. ಅದರ ಉತ್ತರ ಬಲಗಡೆಯ ಆರ್ ಗೇಟಿನ ಒಂದು ಕಿವಿಗೆ ಹೋಗುತ್ತದೆ, ಇನ್ನೊಂದು ಕಿವಿಗೆ C ನೇರವಾಗಿ ಬರುತ್ತದೆ. ಆ್ಯಂಡ್‌ನಿಂದ ಆರ್‌ಗೆ ಹೋಗುವ ತಂತಿಯ ಎರಡೂ ತುದಿಗಳಲ್ಲಿ ಒಂದೊಂದು ಗುಳ್ಳೆ ಇಡಿ. ಒಂದು ತಿರುವಿದ್ದನ್ನು ಇನ್ನೊಂದು ಮರಳಿ ತಿರುವುತ್ತದೆ, ಆದ್ದರಿಂದ ಅರ್ಥವೇನೂ ಬದಲಾಗದು. ಆದರೆ ಎಡಗಡೆಯ ಗೇಟು ಈಗ ನ್ಯಾಂಡ್ ಆಯಿತು. ಬಲಗಡೆಯ ಆರ್ ಗೇಟಿಗೆ ಒಂದು ಕಿವಿಯಲ್ಲಿ ಗುಳ್ಳೆ ಬಂತು. ಅದು ನ್ಯಾಂಡ್ ಆಗಬೇಕಾದರೆ C ಬರುವ ಕಿವಿಯಲ್ಲೂ ಗುಳ್ಳೆ ಬೇಕು.

ಅಲ್ಲಿ ಗುಳ್ಳೆ ಇಟ್ಟರೆ ಅದಕ್ಕೆ ಜೋಡಿ ಇಲ್ಲ. AB + CD ಎಂಬಂಥ ಸಮೀಕರಣವಾಗಿದ್ದರೆ ಆ ಕಡೆಯೂ ಒಂದು ಆ್ಯಂಡ್ ಗೇಟು ಇರುತ್ತಿತ್ತು, ಅದರ ಮೂತಿಗೆ ಎರಡನೆಯ ಗುಳ್ಳೆ ಇಟ್ಟರೆ ಲೆಕ್ಕ ಸರಿಹೋಗುತ್ತಿತ್ತು. ಇಲ್ಲಿ C ಬರಿಗೈಯಲ್ಲಿ ಬಂದಿದೆ. ಹಾಗಾಗಿ ಅದರ ತಂತಿಯ ಮಧ್ಯೆ ಒಂದು ಇನ್ವರ್ಟರ್ ಸೇರಿಸಿ ಜೋಡಿಯನ್ನು ನಾವೇ ಒದಗಿಸಬೇಕು. ನ್ಯಾಂಡ್ ಗೇಟಿನ ಎರಡು ಕಿವಿಗಳನ್ನೂ ಒಟ್ಟಿಗೆ ಕಟ್ಟಿ C ಕೊಟ್ಟರೆ ಅದೇ ಇನ್ವರ್ಟರ್. ಆಗ ಸಿಗುವುದು ಇದು:

```
P = (AB)'
Q = C'
F = (PQ)'
```

ಮೂರೇ ಗೇಟು. ಎರಡು ವರ್ಷದ ಹಿಂದೆ ಒಬ್ಬ ಹುಡುಗಿ ಕೇಳಿದ್ದಳು: "ಮಾಷ್ಟ್ರೇ, ಆ್ಯಂಡ್ ಇದ್ದಲ್ಲೂ ಆರ್ ಇದ್ದಲ್ಲೂ ನ್ಯಾಂಡ್ ಹಾಕಿದರೆ ಸಾಲದೇ? C ಯಾಕೆ ತಿರುಗಬೇಕು?" AB + CD ಯಲ್ಲಿ ಹಾಗೆ ಮಾಡಿ ಸರಿಯುತ್ತರ ಪಡೆದವರಿಗೆ ಈ ಪ್ರಶ್ನೆ ಬರುವುದು ಸಹಜ. ಉತ್ತರವನ್ನು ನಾನು ಬಾಯಲ್ಲಿ ಹೇಳದೆ ಸತ್ಯಕೋಷ್ಟಕ ಬರೆಯಲು ಹೇಳಿದೆ. ಕೊನೆಯ ಅಂಕಣದ G ಎಂಬುದು ಅವಳ ಮಂಡಲ, ಅಂದರೆ C ಯನ್ನು ತಿರುವದೆ ನೇರವಾಗಿ ಕೊಟ್ಟದ್ದು.

```
A B C | AB+C | P Q F | G
0 0 0 |  0   | 1 1 0 | 1
0 0 1 |  1   | 1 0 1 | 0
0 1 0 |  0   | 1 1 0 | 1
0 1 1 |  1   | 1 0 1 | 0
1 0 0 |  0   | 1 1 0 | 1
1 0 1 |  1   | 1 0 1 | 0
1 1 0 |  1   | 0 1 1 | 1
1 1 1 |  1   | 0 0 1 | 1
```

ಮೂಲದ ಅಂಕಣವನ್ನೂ F ಅಂಕಣವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಎಂಟೂ ಸಾಲುಗಳು ಹೊಂದುತ್ತವೆ. ಮೂರು ಸಂಕೇತಗಳಿಗೆ ಇರುವುದೇ ಎಂಟು ಸ್ಥಿತಿಗಳು, ಒಂಬತ್ತನೆಯದು ಇಲ್ಲ. ಆದ್ದರಿಂದ ಇದು ಬರಿಯ ಮಾದರಿ ಪರೀಕ್ಷೆಯಲ್ಲ, ಪೂರ್ತಿ ಸಾಧನೆ. G ಯಾದರೋ ಆರು ಸಾಲುಗಳಲ್ಲಿ ತಪ್ಪಿದೆ. ಅದು ನಿಜವಾಗಿ ಲೆಕ್ಕ ಹಾಕುವುದು AB + C' ಅನ್ನು. ತೋಟದಲ್ಲಿ ಅದರ ಫಲ ಹೀಗಿರುತ್ತದೆ: ಪಂಪು ನಿಂತಿದೆ, ಕೆರೆಯಲ್ಲಿ ನೀರಿದೆ, ಟ್ಯಾಂಕು ತುಂಬಿಲ್ಲ, ಎಲ್ಲವೂ ಸರಿಯಿದೆ, ಗಂಟೆ ಮಾತ್ರ ಬಾರಿಸುತ್ತಲೇ ಇದೆ. ಟ್ಯಾಂಕು ತುಂಬಿ ಹರಿಯತೊಡಗಿದ ಕೂಡಲೇ ಗಂಟೆ ಸುಮ್ಮನಾಗುತ್ತದೆ!

ಸರಿಬಂದ ಎರಡು ಸಾಲುಗಳು ಯಾವುವು ಎಂಬುದನ್ನೂ ಗಮನಿಸಬೇಕು. A, B ಎರಡೂ 1 ಇರುವ ಕೊನೆಯ ಎರಡು ಸಾಲುಗಳು. ಅಲ್ಲಿ P = 0. ನ್ಯಾಂಡ್ ಗೇಟಿನ ಒಂದು ಕಿವಿಗೆ 0 ಬಂದರೆ ಇನ್ನೊಂದರಲ್ಲಿ ಏನೇ ಇರಲಿ ಉತ್ತರ 1. ಹಾಗಾಗಿ C ತಪ್ಪಾಗಿದ್ದರೂ ಅಲ್ಲಿ ಗೊತ್ತಾಗುವುದಿಲ್ಲ. ಪಂಪು ಚಾಲು ಮಾಡಿ, ಕೆರೆಯ ತೇಲನ್ನು ಕೈಯಿಂದ ಕೆಳಗಿಳಿಸಿ, "ಗಂಟೆ ಬಾರಿಸಿತು, ಕೆಲಸ ಆಯಿತು" ಎಂದು ಮನೆಗೆ ಹೋದವರು ಪರೀಕ್ಷಿಸಿದ್ದು ತಪ್ಪು ಕಾಣದ ಸಾಲನ್ನೇ. ಅವಸರವಿದ್ದರೆ ಮೊದಲು ನೋಡಬೇಕಾದ ಸಾಲು 0 0 0. ನನ್ನ ಅನುಭವದಲ್ಲಿ ಗುಳ್ಳೆಯ ತಪ್ಪುಗಳು ಹೆಚ್ಚಾಗಿ ಅಲ್ಲಿಯೇ ಬಾಯಿಬಿಡುತ್ತವೆ.

P ಮತ್ತು Q ಅಂಕಣಗಳನ್ನು ಬರೆದದ್ದು ಬರಿಯ ಶಿಸ್ತಿಗಲ್ಲ. ಬ್ರೆಡ್‌ಬೋರ್ಡಿನಲ್ಲಿ ಮಂಡಲ ಕೈಕೊಟ್ಟಾಗ ದಾರಿ ತೋರಿಸುವುದು ಅವೇ. 7400 ಐಸಿಯಲ್ಲಿ 14ನೇ ಕಾಲಿಗೆ 5 ವೋಲ್ಟ್, 7ನೇ ಕಾಲಿಗೆ ಗ್ರೌಂಡ್. 1 ಮತ್ತು 2ನೇ ಕಾಲುಗಳಿಗೆ A, B ಕೊಟ್ಟರೆ 3ರಲ್ಲಿ P ಸಿಗುತ್ತದೆ. 4 ಮತ್ತು 5ನ್ನು ಸೇರಿಸಿ C ಕೊಟ್ಟರೆ 6ರಲ್ಲಿ Q. ಇವೆರಡನ್ನು 9 ಮತ್ತು 10ಕ್ಕೆ ತಂದರೆ 8ರಲ್ಲಿ F. ಉತ್ತರ ತಪ್ಪಿದ ಸಾಲಿನಲ್ಲಿ ಮಂಡಲವನ್ನು ನಿಲ್ಲಿಸಿ ಮೀಟರಿನಿಂದ 3 ಮತ್ತು 6ನೇ ಕಾಲುಗಳನ್ನು ಮುಟ್ಟಿ ನೋಡಿದರೆ ತಪ್ಪು ಯಾವ ಗೇಟಿನಲ್ಲಿದೆ ಎಂದು ಅಲ್ಲೇ ತಿಳಿಯುತ್ತದೆ. ಟ್ಯಾಂಕು ಖಾಲಿಯಿದ್ದರೂ 6ನೇ ಕಾಲು 0 ತೋರಿಸುತ್ತಿದ್ದರೆ C ತಂತಿಯನ್ನು ಎಳೆದು ನೋಡಿ. 74LS00 ಬಗೆಯ ಐಸಿಯಲ್ಲಿ ಕಳಚಿದ ತಂತಿಯನ್ನು ಗೇಟು ಸಾಮಾನ್ಯವಾಗಿ 1 ಎಂದೇ ಓದುತ್ತದೆ. 74HC00 ಆದರೆ ಅಷ್ಟೂ ನಂಬುವಂತಿಲ್ಲ, ಅದು ಅತ್ತಿತ್ತ ಹೊಯ್ದಾಡುತ್ತದೆ. ಅದರಲ್ಲಿ ಬಳಸದ ಗೇಟಿನ ಕಿವಿಗಳನ್ನೂ ಗ್ರೌಂಡಿಗೆ ಕಟ್ಟಿಬಿಡಬೇಕು.

ಇಷ್ಟು ಗಟ್ಟಿಯಾದ ಮೇಲೆ ಗುಳ್ಳೆ ಸರಿಸುವುದರ ನಿಜವಾದ ಸ್ವಾರಸ್ಯ ಶುರುವಾಗುತ್ತದೆ. ಜೋಡಿಯಿಲ್ಲದ ಗುಳ್ಳೆಗೆ ಇನ್ವರ್ಟರನ್ನೇ ಇಡಬೇಕೆಂದಿಲ್ಲ, ಅದನ್ನು ತಂತಿಯುದ್ದಕ್ಕೂ ತಳ್ಳಿ ಐಸಿಯ ಹೊರಗೆ, ಟ್ಯಾಂಕಿನವರೆಗೂ ಕಳುಹಿಸಬಹುದು. ತೇಲು ಸ್ವಿಚ್ಚಿನ ಒಂದು ತಂತಿಯನ್ನು ಗ್ರೌಂಡಿಗೆ ಕಟ್ಟಿ, ಇನ್ನೊಂದನ್ನು 10 ಕಿಲೋ ಓಮ್ ರೆಸಿಸ್ಟರಿನ ಮೂಲಕ 5 ವೋಲ್ಟಿಗೆ ಎಳೆದಿಟ್ಟರೆ, ಟ್ಯಾಂಕು ತುಂಬಿ ಸ್ವಿಚ್ಚು ಕೂಡಿಕೊಂಡಾಗ ಸಿಗುವುದು 0. ಅಂದರೆ ತಂತಿಯಲ್ಲಿ ಬರುವುದೇ C'. ಗುಳ್ಳೆ ಸ್ವಿಚ್ಚಿನೊಳಗೇ ಸೇರಿಹೋಯಿತು, ಮಂಡಲಕ್ಕೆ ಎರಡೇ ಗೇಟು ಸಾಕು. ಕೋಷ್ಟಕದಲ್ಲಿ ಮಾತ್ರ Q ಅಂಕಣವನ್ನು ಅಳಿಸಬಾರದು. ಅದು ಈಗ ಗೇಟಿನ ಉತ್ತರವಲ್ಲ, ತಂತಿಯ ಮೇಲೆ ಅಳೆಯುವ ವೋಲ್ಟೇಜು.

ಇದೇ ಉಪಾಯ ಇನ್ನೊಂದು ತುದಿಯಲ್ಲೂ ನಡೆಯುತ್ತದೆ. ರಾತ್ರಿ ಗಂಟೆ ಬೇಡವೆಂದು ಆಗ 0 ಕೊಡುವ D ಎಂಬ ಸ್ವಿಚ್ಚು ಇಟ್ಟರೆ ಬೇಕಾದದ್ದು (AB + C)D. ತೇಲು ಸ್ವಿಚ್ಚು ಮೊದಲಿನಂತೆ C ಯನ್ನೇ ಕೊಡುವ ಹಾಗೆ ಇಟ್ಟುಕೊಂಡರೆ ಮೂರು ಗೇಟುಗಳು ಹಾಗೆಯೇ ಉಳಿಯುತ್ತವೆ. ನಾಲ್ಕನೆಯದಕ್ಕೆ F ಮತ್ತು D ಕೊಟ್ಟರೆ ಸಿಗುವುದು ಬೇಕಾದದ್ದರ ತಿರುವು. ಅದನ್ನು ನೆಟ್ಟಗೆ ಮಾಡಲು ಐದನೆಯ ಗೇಟು ಬೇಕು, ಅದು ಈ ಐಸಿಯಲ್ಲಿಲ್ಲ. ಆದರೆ ಅಂಗಡಿಯಲ್ಲಿ ಸಿಗುವ ರಿಲೇ ಮಾಡ್ಯೂಲುಗಳಲ್ಲಿ ಅನೇಕವು 0 ಸಿಕ್ಕಾಗ ರಿಲೇ ಕೂಡಿಸುವಂಥವು. ಅಂಥದ್ದನ್ನು ತಂದರೆ ಕೊನೆಯ ಗುಳ್ಳೆಯನ್ನು ಅದು ಹೊತ್ತುಕೊಳ್ಳುತ್ತದೆ. 12 ಮತ್ತು 13ನೇ ಕಾಲುಗಳಿಗೆ F ಮತ್ತು D, 11ನೇ ಕಾಲಿನಿಂದ ರಿಲೇಗೆ ತಂತಿ, ಒಂದು ಐಸಿಯ ನಾಲ್ಕೂ ಗೇಟು ಬಳಕೆಯಾದವು. ಈಗ ಕೋಷ್ಟಕಕ್ಕೆ ಹದಿನಾರು ಸಾಲುಗಳು. 11ನೇ ಕಾಲಿನ ಅಂಕಣದಲ್ಲಿ D = 0 ಇರುವ ಎಂಟು ಸಾಲುಗಳಲ್ಲೂ 1 ಇರಬೇಕು. D = 1 ಇರುವ ಎಂಟರಲ್ಲಿ ಸರಿಯಾಗಿ ಐದು ಕಡೆ 0 ಇರಬೇಕು, ಆ ಐದು ಮೇಲಿನ ಕೋಷ್ಟಕದಲ್ಲಿ F = 1 ಆಗಿರುವ ಸಾಲುಗಳೇ ಆಗಿರಬೇಕು.