ಆ್ಯಪ್‌ಗೆ ಸುರಿದ 47 ಲಕ್ಷ: ಅದರಲ್ಲಿ ಆಸ್ತಿ ಎಷ್ಟು, ಖರ್ಚು ಎಷ್ಟು?

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮದೊಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ. ಅಡಿಕೆ ಮಂಡಿಗಳಿಗೆ ತೂಕ ಮತ್ತು ಬಿಲ್ಲಿಂಗ್ ಮಾಡುವ ಸಾಫ್ಟ್‌ವೇರ್ ಮಾಡಿದ್ದೇವೆ. 2024-25ರಲ್ಲಿ ಅದಕ್ಕೆ 47 ಲಕ್ಷ ರೂಪಾಯಿ ಹೋಯಿತು. ಇದನ್ನೆಲ್ಲ ಆಸ್ತಿ ಅಂತ ಬ್ಯಾಲೆನ್ಸ್ ಶೀಟಿನಲ್ಲಿ ತೋರಿಸಿ ಎಂದರೆ ಆಡಿಟರ್ ಅರ್ಧಕ್ಕರ್ಧ ಕತ್ತರಿಸುತ್ತಿದ್ದಾರೆ. ಬ್ರಾಂಡ್‌ಗೆ ಹಾಕಿದ 8 ಲಕ್ಷವಂತೂ ಪೂರ್ತಿ ಹೋಯಿತು. ಇದು ಸರಿನಾ? ಬ್ಯಾಂಕಿನಲ್ಲಿ ಸಾಲ ಕೇಳುವುದಿದೆ, ಬ್ಯಾಲೆನ್ಸ್ ಶೀಟ್ ಗಟ್ಟಿಯಾಗಿ ಕಾಣಬೇಕು.

ಉತ್ತರ: ನಿಮ್ಮ ಆಡಿಟರ್ ಸರಿಯಾಗಿಯೇ ಇದ್ದಾರೆ. ನೀವು ಕಳಿಸಿದ ಪಟ್ಟಿ ನೋಡಿದರೆ 24 ಲಕ್ಷ ಆಸ್ತಿಯಾಗುತ್ತದೆ, 23 ಲಕ್ಷ ಖರ್ಚಾಗುತ್ತದೆ. ಯಾಕೆ ಅಂತ ಒಂದೊಂದಾಗಿ ನೋಡೋಣ.

ನಿಮ್ಮಂಥ ಸಣ್ಣ ಕಂಪನಿಗೆ ಇಲ್ಲಿ ಅನ್ವಯಿಸುವುದು ಎಎಸ್ 26 ಎಂಬ ಲೆಕ್ಕಪತ್ರ ಮಾನದಂಡ. ದೊಡ್ಡ ಮತ್ತು ಲಿಸ್ಟೆಡ್ ಕಂಪನಿಗಳಿಗೆ ಇಂಡ್ ಎಎಸ್ 38 ಇದೆ. ನಿಮ್ಮ ಪ್ರಶ್ನೆಯ ಮಟ್ಟಿಗೆ ಎರಡೂ ಹೇಳುವುದು ಒಂದೇ. ಸಾಫ್ಟ್‌ವೇರ್, ಪೇಟೆಂಟ್, ಬ್ರಾಂಡ್ ಇವೆಲ್ಲ ಕೈಯಲ್ಲಿ ಹಿಡಿಯಲಾಗದ ಆಸ್ತಿಗಳು. ಇವನ್ನು ಹೊರಗಿನಿಂದ ಕೊಂಡರೆ ತಕರಾರಿಲ್ಲ, ಬಿಲ್ ಇದೆ, ಬೆಲೆ ಗೊತ್ತಿದೆ. ನೀವೇ ಮಾಡಿಕೊಂಡಾಗ ಮಾತ್ರ ಜಗಳ ಶುರು.

ಸ್ವಂತ ತಯಾರಿಯನ್ನು ಮಾನದಂಡ ಎರಡು ಹಂತವಾಗಿ ನೋಡುತ್ತದೆ: ಸಂಶೋಧನೆ ಮತ್ತು ಅಭಿವೃದ್ಧಿ. ಸಂಶೋಧನೆ ಎಂದರೆ ಇನ್ನೂ ಹುಡುಕಾಟ. ಏನು ಮಾಡಬಹುದು, ಹೇಗೆ ಮಾಡಬಹುದು ಅಂತ ತಡಕಾಡುವ ಕಾಲ. ಆ ಹಂತದ ಪ್ರತಿ ರೂಪಾಯಿಯೂ ಆ ವರ್ಷದ ಲಾಭ-ನಷ್ಟ ಖಾತೆಗೆ ಖರ್ಚಾಗಿ ಹೋಗುತ್ತದೆ. ಇದಕ್ಕೆ ವಿನಾಯಿತಿ ಇಲ್ಲ.

ನಿಮ್ಮ ಕಥೆಯಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ನಡೆದದ್ದು ಇದೇ. ಹುಡುಗರು ಮಂಡಿ ಮಂಡಿ ಸುತ್ತಿದರು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆಯ ದರ್ಜೆಯನ್ನು ಫೋನಿನ ಫೋಟೊದಿಂದಲೇ ಗುರುತಿಸಬಹುದಾ ಅಂತ ನಾಲ್ಕು ತಿಂಗಳು ಒದ್ದಾಡಿದರು. ಆಗಲಿಲ್ಲ, ಬಿಟ್ಟರು. ಆಮೇಲೆ ತೂಕದ ಯಂತ್ರವನ್ನು ಫೋನಿಗೆ ಜೋಡಿಸುವ ದಾರಿ ಹುಡುಕಿದರು. ಇಷ್ಟಕ್ಕೆ 11 ಲಕ್ಷ. "ಆ ಅಲೆದಾಟ ಇಲ್ಲದಿದ್ದರೆ ಆ್ಯಪೇ ಇರುತ್ತಿರಲಿಲ್ಲ" ಅಂತ ಬರೆದಿದ್ದೀರಿ. ನಿಜವೇ. ಆದರೆ ಆ ದುಡ್ಡು ಹಾಕುವಾಗ ಇದು ಕೆಲಸ ಮಾಡುತ್ತದೆ ಅಂತ ನಿಮಗೇ ಗ್ಯಾರಂಟಿ ಇರಲಿಲ್ಲ ಅಲ್ವಾ? ಹಾಗಾಗಿ 11 ಲಕ್ಷ ಖರ್ಚು.

ಅಭಿವೃದ್ಧಿ ಹಂತದ ಖರ್ಚು ಆಸ್ತಿಯಾಗಬೇಕಾದರೆ ಆರು ವಿಷಯಗಳನ್ನು ತೋರಿಸಬೇಕು. ಇದನ್ನು ಮಾಡಿ ಮುಗಿಸಲು ತಾಂತ್ರಿಕವಾಗಿ ಸಾಧ್ಯ. ಮುಗಿಸುವ ಇರಾದೆ ಇದೆ. ಬಳಸಲು ಅಥವಾ ಮಾರಲು ನಮ್ಮಿಂದ ಆಗುತ್ತದೆ. ಇದರಿಂದ ದುಡ್ಡು ಬರುವ ದಾರಿ ಹೀಗಿದೆ. ಮುಗಿಸುವಷ್ಟು ಹಣ ಮತ್ತು ಜನ ಇದ್ದಾರೆ. ಕೊನೆಯದಾಗಿ, ಇದಕ್ಕೇ ಎಷ್ಟು ಖರ್ಚಾಯಿತು ಎಂದು ನಂಬುವಂತೆ ಅಳೆಯಬಹುದು. ಆರರಲ್ಲಿ ಐದು ಇದ್ದರೆ ಸಾಲದು, ಆರೂ ಬೇಕು.

ಇಲ್ಲಿ ನಿಜವಾಗಿ ತೂಗುವುದು ಒಂದು ತಾರೀಕು. ಆರೂ ಷರತ್ತು ಒಟ್ಟಿಗೆ ಪೂರೈಸಿದ ದಿನದಿಂದ ಮುಂದಿನ ಖರ್ಚು ಮಾತ್ರ ಆಸ್ತಿಗೆ ಸೇರುತ್ತದೆ. ನಿಮ್ಮ ವಿಷಯದಲ್ಲಿ ಅದು ಅಕ್ಟೋಬರ್ 1. ಅದರ ಹಿಂದಿನ ವಾರ ಮಾದರಿ ಆ್ಯಪ್ ನಿಜವಾದ ಮಂಡಿಯಲ್ಲಿ, ನಿಜವಾದ ತೂಕದಲ್ಲಿ ಓಡಿತ್ತು. ಎರಡು ಮಂಡಿಯವರು ಕೊಳ್ಳುತ್ತೇವೆ ಎಂದು ಬರೆದುಕೊಟ್ಟಿದ್ದರು. ಆವತ್ತಿನ ಬೋರ್ಡ್ ಸಭೆಯಲ್ಲಿ ಬಜೆಟ್‌ಗೆ ಒಪ್ಪಿಗೆ ಸಿಕ್ಕಿತು, ನಿರ್ದೇಶಕರು ಹಣ ತಂದರು. ಇಷ್ಟು ಕಾಗದ ನಿಮ್ಮ ಬಳಿ ಇರುವುದು ನಿಮ್ಮ ಅದೃಷ್ಟ. ಜಾಸ್ತಿ ಜನರ ಹತ್ತಿರ ಇರುವುದಿಲ್ಲ.

ಅಕ್ಟೋಬರ್‌ನಿಂದ ಫೆಬ್ರವರಿ ಕೊನೆಯವರೆಗೆ ಕೋಡ್ ಬರೆದವರ ಸಂಬಳ 20 ಲಕ್ಷ, ಹೊರಗಿನ ಡಿಸೈನರ್‌ಗೆ 2.5 ಲಕ್ಷ, ಪರೀಕ್ಷೆಗೆ ಬಾಡಿಗೆ ಪಡೆದ ಸರ್ವರ್‌ಗೆ 1.5 ಲಕ್ಷ. ಒಟ್ಟು 24 ಲಕ್ಷ. ಇದೇ ಆಸ್ತಿ.

ಅದೇ ಅವಧಿಯಲ್ಲಿ ಕಚೇರಿ ಬಾಡಿಗೆ ಮತ್ತು ಅಕೌಂಟ್ಸ್ ನೋಡುವವರ ಸಂಬಳದ ಪಾಲು ಎಂದು 2.5 ಲಕ್ಷ ಸೇರಿಸಿದ್ದಿರಿ. ಆ್ಯಪ್ ಮಾಡದಿದ್ದರೂ ಆ ಖರ್ಚು ಇದ್ದೇ ಇರುತ್ತಿತ್ತು. ಸಾಮಾನ್ಯ ಆಡಳಿತದ ಖರ್ಚು ಆಸ್ತಿಯ ಬೆಲೆಗೆ ಸೇರುವುದಿಲ್ಲ. ಸಿಬ್ಬಂದಿಗೆ ಆ್ಯಪ್ ಕಲಿಸಲು ಹೋದ 1.5 ಲಕ್ಷವೂ ಅಷ್ಟೇ. ತರಬೇತಿ ಖರ್ಚನ್ನು ಆಸ್ತಿ ಮಾಡಬಾರದು ಎಂದು ಮಾನದಂಡ ಹೆಸರು ಹಿಡಿದೇ ಹೇಳುತ್ತದೆ. ಕಲಿತ ಹುಡುಗ ನಾಳೆ ಕೆಲಸ ಬಿಟ್ಟರೆ ಕಲಿತದ್ದೂ ಅವನ ಜೊತೆ ಹೋಗುತ್ತದಲ್ಲ.

ಸಂಬಳದ 20 ಲಕ್ಷದ ಬಗ್ಗೆ ಒಂದು ಮಾತು. ಆಡಿಟರ್ ಮೊದಲು ಕೇಳುವುದು ಟೈಮ್‌ಶೀಟ್. ಯಾರು, ಯಾವ ದಿನ, ಯಾವ ಕೆಲಸಕ್ಕೆ ಎಷ್ಟು ಗಂಟೆ. ಅದೇ ಹುಡುಗರು ಹಳೆಯ ಗ್ರಾಹಕರ ಫೋನೂ ಎತ್ತುತ್ತಿದ್ದರೆ ಆ ಗಂಟೆಗಳನ್ನು ಕಳೆಯಬೇಕು. ಹಿಂದೆ ಒಂದು ಕಂಪನಿಯ ಲೆಕ್ಕ ನೋಡುವಾಗ ನನಗೆ ತುಂಬ ಚೊಕ್ಕವಾದ ಟೈಮ್‌ಶೀಟ್ ಕೊಟ್ಟರು. ಎಲ್ಲರಿಗೂ ದಿನಾ ಸರಿಯಾಗಿ ಎಂಟು ಗಂಟೆ. ದೀಪಾವಳಿ ಅಮಾವಾಸ್ಯೆಯ ದಿನವೂ ಎಂಟು ಗಂಟೆ ಕೋಡಿಂಗ್! ಮಾರ್ಚ್‌ನಲ್ಲಿ ಕೂತು ಒಟ್ಟಿಗೆ ತುಂಬಿದ್ದು ಅಂತ ಬೇರೆ ಸಾಕ್ಷಿ ಬೇಕಾಗಲಿಲ್ಲ. ಅಳತೆ ನಂಬುವಂತಿಲ್ಲ ಎಂದಮೇಲೆ ಆರನೆಯ ಷರತ್ತು ಬಿತ್ತು, ಅದರ ಜೊತೆ ಇಡೀ ಮೊತ್ತವೂ ಖರ್ಚಿಗೆ ಬಿತ್ತು.

ನಿಮ್ಮ ಆ್ಯಪ್ 2025ರ ಮಾರ್ಚ್ 1ಕ್ಕೆ ಬಳಕೆಗೆ ಸಿದ್ಧವಾಯಿತು. ಮೊದಲ ಬಿಲ್ ಏಪ್ರಿಲ್‌ನಲ್ಲಿ ಹೋಗಿದ್ದರೂ ಪರವಾಗಿಲ್ಲ, ಅಮಾರ್ಟೈಸೇಶನ್ ಶುರುವಾಗುವುದು ಸಿದ್ಧವಾದ ದಿನದಿಂದ. ಅಮಾರ್ಟೈಸೇಶನ್ ಎಂದರೆ ಯಂತ್ರಕ್ಕೆ ಸವಕಳಿ ಇದ್ದ ಹಾಗೆ, ಆಸ್ತಿಯ ಬೆಲೆಯನ್ನು ಅದರ ಆಯಸ್ಸಿನ ಮೇಲೆ ಹಂಚುವುದು. ಎಎಸ್ 26ರ ಪ್ರಕಾರ ಇಂಥ ಆಸ್ತಿಯ ಆಯಸ್ಸು 10 ವರ್ಷ ಮೀರುವುದಿಲ್ಲ ಎಂದೇ ಹಿಡಿಯಬೇಕು. ಮೀರುತ್ತದೆ ಎನ್ನುವವರು ಪುರಾವೆ ಕೊಡಬೇಕು. ಸಾಫ್ಟ್‌ವೇರ್‌ಗೆ ಹತ್ತು ವರ್ಷ ಎಂದರೆ ನಗು ಬರುತ್ತದೆ. ನೀವು 4 ವರ್ಷ ಹಿಡಿದಿದ್ದೀರಿ, ಸರಿಯಾಗಿದೆ. 24 ಲಕ್ಷವನ್ನು 48 ತಿಂಗಳಿಗೆ ಹಂಚಿದರೆ ತಿಂಗಳಿಗೆ 50 ಸಾವಿರ. 2024-25ರಲ್ಲಿ ಒಂದೇ ತಿಂಗಳು, ಹಾಗಾಗಿ ವರ್ಷಾಂತ್ಯಕ್ಕೆ ಬ್ಯಾಲೆನ್ಸ್ ಶೀಟಿನಲ್ಲಿ 23.5 ಲಕ್ಷ ಉಳಿಯುತ್ತದೆ. ಮುಂದಿನ ವರ್ಷ 6 ಲಕ್ಷ ಕಳೆದು 17.5 ಲಕ್ಷ.

ಇನ್ನು ಮುಂದೆ ದೋಷ ಸರಿಪಡಿಸುವುದು, ಜಿಎಸ್‌ಟಿ ದರ ಬದಲಾದರೆ ತಿದ್ದುವುದು, ಇವೆಲ್ಲ ಆಯಾ ವರ್ಷದ ಖರ್ಚು. ಕಾಳುಮೆಣಸಿನ ವ್ಯಾಪಾರಕ್ಕೆ ಹೊಸ ಭಾಗವನ್ನೇ ಕಟ್ಟಿದರೆ ಅದನ್ನು ಬೇರೆಯಾಗಿ ಅದೇ ಆರು ಷರತ್ತಿಗೆ ಹಚ್ಚಿ ನೋಡಬೇಕು. ಇನ್ನು, ಆ್ಯಪ್ ಚೆನ್ನಾಗಿ ಓಡಿತು ಅಂತ ಮುಂದಿನ ವರ್ಷ ಆ ಹಳೆಯ 11 ಲಕ್ಷವನ್ನು ವಾಪಸ್ ಆಸ್ತಿಗೆ ತರಲು ಆಗುವುದಿಲ್ಲ. ಒಮ್ಮೆ ಖರ್ಚು ಬರೆದದ್ದು ಖರ್ಚೇ.

ಈಗ ಬ್ರಾಂಡಿನ 8 ಲಕ್ಷ. ಲೋಗೊ, ಬಸ್ ನಿಲ್ದಾಣದ ಹತ್ತಿರದ ಹೋರ್ಡಿಂಗ್, ಕೃಷಿ ಮೇಳದ ಮಳಿಗೆ. ಇಲ್ಲಿ ಆರು ಷರತ್ತಿನ ಪರೀಕ್ಷೆಯೂ ಇಲ್ಲ. ಸ್ವಂತವಾಗಿ ಬೆಳೆಸಿದ ಬ್ರಾಂಡ್, ಪತ್ರಿಕೆಯ ಹೆಸರು, ಗ್ರಾಹಕರ ಪಟ್ಟಿ ಇವನ್ನು ಆಸ್ತಿಯಾಗಿ ತೋರಿಸಲೇಬಾರದು. ಕಾರಣ ಏನೆಂದರೆ, ಹೆಸರು ಬೆಳೆಸಲು ಹೋದ ದುಡ್ಡನ್ನು ಇಡೀ ವ್ಯಾಪಾರ ಬೆಳೆಸಲು ಹೋದ ದುಡ್ಡಿನಿಂದ ಬಿಡಿಸಲು ಆಗುವುದಿಲ್ಲ. ಮಂಡಿಯವರು ನಿಮ್ಮ ಹೆಸರು ನೆನಪಿಟ್ಟುಕೊಂಡದ್ದು ಹೋರ್ಡಿಂಗ್ ನೋಡಿಯೋ, ರಾತ್ರಿ ಒಂಬತ್ತಕ್ಕೂ ನಿಮ್ಮ ಹುಡುಗ ಫೋನ್ ಎತ್ತಿದ್ದಕ್ಕೋ? ಯಾರು ಹೇಳುತ್ತಾರೆ?

ಇದರಿಂದ ವಿಚಿತ್ರವಾದ ಚಿತ್ರಗಳು ಹುಟ್ಟುತ್ತವೆ, ನಾನು ಒಪ್ಪುತ್ತೇನೆ. 2020ರಲ್ಲಿ ಹಿಂದುಸ್ತಾನ್ ಯೂನಿಲಿವರ್ ಭಾರತದ ಮಟ್ಟಿಗೆ ಹಾರ್ಲಿಕ್ಸ್ ಬ್ರಾಂಡನ್ನು 3,045 ಕೋಟಿ ರೂಪಾಯಿ ಕೊಟ್ಟು ಕೊಂಡಿತು. ಕೊಂಡದ್ದರಿಂದ ಅದು ಆಸ್ತಿ. ನಮ್ಮ ಮೈಸೂರು ಸ್ಯಾಂಡಲ್ ನೋಡಿ. 1916ರಲ್ಲಿ ಬೆಂಗಳೂರಲ್ಲಿ ಶುರುವಾದ ಸರ್ಕಾರಿ ಸೋಪು ಕಾರ್ಖಾನೆ ನೂರು ವರ್ಷಕ್ಕೂ ಮೇಲೆ ತಾನೇ ಬೆಳೆಸಿದ ಹೆಸರು ಅದು. ಮನೆಮನೆಯ ಬಚ್ಚಲಲ್ಲಿ ಅದರ ಪರಿಮಳ ಇದ್ದರೂ, ಈ ನಿಯಮದಂತೆ ಆ ಹೆಸರಿಗೆ ಬ್ಯಾಲೆನ್ಸ್ ಶೀಟಿನಲ್ಲಿ ಜಾಗ ಇಲ್ಲ. ಬ್ರಾಂಡಿಗೆ ಬೆಲೆ ಇಲ್ಲ ಅಂತ ಇದರರ್ಥವಲ್ಲ. ನೀವೇ ಹೇಳಿಕೊಳ್ಳುವ ಬೆಲೆಯನ್ನು ಮಾನದಂಡ ನಂಬುವುದಿಲ್ಲ, ಅಷ್ಟೇ. ಯಾರೋ ಹೊರಗಿನವರು ದುಡ್ಡು ಎಣಿಸಿ ಕೊಟ್ಟಾಗ ಮಾತ್ರ ಅದು ಅವರ ಪುಸ್ತಕದಲ್ಲಿ ಆಸ್ತಿ.

ತೂಕದ ಯಂತ್ರದ ಜೋಡಣೆಗೆ ಪೇಟೆಂಟ್ ಹಾಕುವ ಯೋಚನೆ ಇದೆ ಅಂದಿರಿ. ಅರ್ಜಿ ಶುಲ್ಕ ಮತ್ತು ಪೇಟೆಂಟ್ ಏಜೆಂಟರ ಫೀಸು ಆಸ್ತಿಗೆ ಸೇರಬಹುದು, ಅದಕ್ಕೆ ಮುಂಚಿನ ಸಂಶೋಧನೆ ಸೇರುವುದಿಲ್ಲ. ಪೇಟೆಂಟ್ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಆದರೆ ಆ ತಂತ್ರ ಐದೇ ವರ್ಷದಲ್ಲಿ ಹಳತಾಗುವಂತಿದ್ದರೆ ಲೆಕ್ಕದಲ್ಲಿ ಆಯಸ್ಸು ಐದೇ ವರ್ಷ. ಆದಾಯ ತೆರಿಗೆಯ ಲೆಕ್ಕ ಬೇರೆಯೇ ದಾರಿ ಹಿಡಿಯುತ್ತದೆ, ಪುಸ್ತಕದಲ್ಲಿ ಹೇಗೆ ಬರೆದಿರಿ ಎನ್ನುವುದು ಅಲ್ಲಿ ಕೊನೆಯ ಮಾತಲ್ಲ. ಅದನ್ನು ನಿಮ್ಮ ಆಡಿಟರ್ ಹತ್ತಿರವೇ ಕೂತು ಮಾಡಿಸಿ.

ಕೊನೆಗೆ ಬ್ಯಾಂಕಿನ ವಿಷಯ. ಈ 23.5 ಲಕ್ಷ ಸೇರಿ ನಿಮ್ಮ ನಿವ್ವಳ ಮೌಲ್ಯ 60 ಲಕ್ಷ ಎಂದು ಬರೆದಿದ್ದೀರಿ. ಸಾಲದ ಅಧಿಕಾರಿ ಸಾಮಾನ್ಯವಾಗಿ ನೋಡುವುದು ಟ್ಯಾಂಜಿಬಲ್ ನೆಟ್ ವರ್ತ್. ಅಂದರೆ 60ರಿಂದ ಈ ಕೈಗೆ ಸಿಗದ 23.5 ಲಕ್ಷವನ್ನು ಕಳೆದು 36.5 ಲಕ್ಷ ಎಂದು ಬರೆದುಕೊಳ್ಳುತ್ತಾರೆ. ತೆರಿಗೆ ಪಕ್ಕಕ್ಕಿಟ್ಟು ನೋಡಿದರೆ, ಪೂರ್ತಿ 47 ಲಕ್ಷ ಖರ್ಚು ಹಾಕಿದ್ದರೂ ಬರುತ್ತಿದ್ದದ್ದು ಅದೇ 36.5. 8 ಲಕ್ಷದ ಬ್ರಾಂಡನ್ನು ಹೇಗೋ ತುರುಕಿದ್ದರೆ ಅದನ್ನೂ ಕಳೆಯುತ್ತಿದ್ದರು. ಆಡಿಟರ್ ಜೊತೆ ಇನ್ನೂ ಎಳೆದಾಡುವ ಬದಲು ಮಂಡಿಯವರು ಬರೆದುಕೊಟ್ಟ ಆರ್ಡರ್‌ಗಳನ್ನೂ ಏಪ್ರಿಲ್‌ನಿಂದ ಬಂದ ಹಣದ ಲೆಕ್ಕವನ್ನೂ ಒಂದು ಫೈಲ್ ಮಾಡಿಕೊಂಡು ಹೋಗಿ. ಅವರು ತಿರುವಿ ನೋಡುವುದು ಅದನ್ನೇ.