ಫಿಲ್ಟರ್ ಟ್ಯಾಂಕಿನಲ್ಲಿ ಲೋಳೆ ಯಾಕೆ ಕಟ್ಟುತ್ತದೆ?

ದಸರಾಕ್ಕೆ 12 ದಿನ ಊರಿಗೆ ಹೋಗಿ ಬಂದು ಆರ್‌ಓ ಫಿಲ್ಟರಿನಿಂದ ಒಂದು ಲೋಟ ನೀರು ಹಿಡಿದೆ. ಒಣಗದ ಬಟ್ಟೆಯ ಮುಗ್ಗಲು ವಾಸನೆ. ಮುಚ್ಚಳ ತೆಗೆದು ಟ್ಯಾಂಕಿನ ಒಳಗೆ ಬೆರಳಾಡಿಸಿದರೆ ಜಾರಿತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ಶುದ್ಧವಾದ ನೀರಿಗೆ ಲೋಳೆ ಎಲ್ಲಿಂದ ಬಂತು? ಕಾರ್ಪೊರೇಷನ್ ನೀರಿನಲ್ಲಿ ಸ್ವಲ್ಪ ಕ್ಲೋರಿನ್ ಇರುತ್ತದೆ. ಅದು ಆರ್‌ಓ ಪೊರೆಯನ್ನು ಹಾಳು ಮಾಡುತ್ತದೆ. ಅದಕ್ಕೇ ಪೊರೆಗಿಂತ ಮೊದಲು ಕಾರ್ಬನ್ ಫಿಲ್ಟರ್ ಇಟ್ಟು ತೆಗೆದುಬಿಡುತ್ತಾರೆ. ಅಂದರೆ ಟ್ಯಾಂಕಿಗೆ ಬಿದ್ದ ನೀರನ್ನು ಕಾಯುವವರು ಯಾರೂ ಇಲ್ಲ. ಯುವಿ ದೀಪವೂ ಎಷ್ಟೋ ಫಿಲ್ಟರ್‌ಗಳಲ್ಲಿ ಟ್ಯಾಂಕಿಗಿಂತ ಮೊದಲೇ ಇರುತ್ತದೆ. ಮುಚ್ಚಳದ ಸಂದಿಯಿಂದ, ನಲ್ಲಿಯ ಮೂತಿಯಿಂದ ಒಳಬಂದ ಬ್ಯಾಕ್ಟೀರಿಯಾ ಗೋಡೆಗೆ ಅಂಟಿ, ತಮ್ಮ ಸುತ್ತ ಗೋಂದಿನಂಥದ್ದನ್ನು ಕಟ್ಟಿಕೊಳ್ಳುತ್ತವೆ. ನಿಂತ ನೀರು, ಅಡುಗೆಮನೆಯ ಬಿಸಿ, ಇನ್ನೇನು ಬೇಕು?

ಈ ಗೋಂದು ಇರುವಾಗ ಸುಮ್ನೆ ಬ್ಲೀಚ್ ಸುರಿದರೆ ಪ್ರಯೋಜನ ಕಡಿಮೆ. ಮೇಲಿನ ಪದರವೇ ಕ್ಲೋರಿನ್ನನ್ನು ತಿಂದುಹಾಕುತ್ತದೆ. ಮೊದಲು ಉಜ್ಜಬೇಕು. ಪ್ಲಗ್ ಕಿತ್ತು, ನೀರು ಬರುವ ವಾಲ್ವ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿದೆ. ಹೊಸ ಸ್ಪಂಜಿನಿಂದ ಗೋಡೆ, ಮೂಲೆ, ತೇಲುಬುರುಡೆಯ ಅಡಿಭಾಗ ಎಲ್ಲ ಉಜ್ಜಿದೆ. ಗಡಸು ಬ್ರಷ್ ಬೇಡ, ಪ್ಲಾಸ್ಟಿಕ್ಕಿನಲ್ಲಿ ಗೀರು ಬಿದ್ದರೆ ಲೋಳೆಗೆ ಅದೇ ಮನೆ.

ಆಮೇಲೆ ಬ್ಲೀಚ್. ಪರಿಮಳ, ಸೋಪು ಬೆರೆಸದ 5% ದ್ರಾವಣವಾದರೆ ಲೀಟರಿಗೆ 1 ಮಿಲಿ ಸಾಕು. ನನ್ನದು 8 ಲೀಟರಿನ ಟ್ಯಾಂಕ್, ಹಾಗಾಗಿ 8 ಮಿಲಿ. ನೀರು ತುಂಬಿ ಬೆರೆಸಿ, ನಲ್ಲಿಯಿಂದ ಒಂದು ಲೋಟ ಹೊರಬಿಟ್ಟು, ಅರ್ಧ ಗಂಟೆ ಬಿಟ್ಟೆ. ಇದನ್ನು ಟ್ಯಾಂಕಿಗೆ ಮಾತ್ರ ಹಾಕಬೇಕು. ಒಳಬರುವ ಪೈಪಿಗೆ ಹೋದರೆ ಪೊರೆ ಕೆಡುತ್ತದೆ. ಕರೆ ತೆಗೆಯಲು ವಿನಿಗರ್, ನಿಂಬೆರಸ ಬಳಸುವುದಾದರೆ ಬ್ಲೀಚಿನ ಜೊತೆ ಖಂಡಿತ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಕೊನೆಗೆ ಎಲ್ಲವನ್ನೂ ನಲ್ಲಿಯಿಂದಲೇ ಖಾಲಿ ಮಾಡಿ, ಕುಡಿಯುವ ನೀರಿನಿಂದ ಮೂರು ಸಲ ತೊಳೆದೆ. ಮೊದಲು ತುಂಬಿದ ಟ್ಯಾಂಕ್ ನೀರನ್ನು ಚೆಲ್ಲಿದೆ.

ಜಾಸ್ತಿ ಜನ ಮರೆಯುವುದು ನಲ್ಲಿಯ ಮೂತಿ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒಳಗೆ ತಿರುಗಿಸಿದಾಗ ಬೂದುಬಣ್ಣದ ಲೋಳೆ ಬಂತು. ಟ್ಯಾಂಕ್ ಎಷ್ಟೇ ತೊಳೆದರೂ ಪ್ರತಿ ಲೋಟ ನೀರೂ ಇದನ್ನು ಸವರಿಕೊಂಡೇ ಬರಬೇಕು, ಅಲ್ವಾ?

ಹೊರಗೆ ಗೋಡೆಗೆ ಹಾಕಿದ ಬಟ್ಟಲಿನಲ್ಲಿ ಬಿಳಿ ದಾರದುಂಡೆಯಂಥ ಸೆಡಿಮೆಂಟ್ ಫಿಲ್ಟರ್ ಇದೆ. ಅದೂ ಕಂದಾಗಿತ್ತು. ತೊಳೆದು ಮತ್ತೆ ಹಾಕೋಣ ಅನ್ನಿಸಿತು. ಅಡ್ಡಕ್ಕೆ ಕೊಯ್ದು ನೋಡಿದರೆ ಕೆಸರಿನ ಬಣ್ಣ ಸಾಕಷ್ಟು ಒಳಗೆ ಇಳಿದಿತ್ತು. ತೊಳೆದರೆ ಹೋಗುವುದು ಮೇಲಿನದಷ್ಟೇ. ಬಟ್ಟಲನ್ನೂ ರಬ್ಬರ್ ರಿಂಗನ್ನೂ ಸೋಪುನೀರಿನಲ್ಲಿ ತೊಳೆದು, ಹೊಸದನ್ನು ಹಾಕಿದೆ.

ಹೊರಮೈಗೆ ಹಿಂಡಿದ ಒದ್ದೆ ಬಟ್ಟೆ ಸಾಕು. ನೀರು ಚಿಮುಕಿಸಿದರೆ ಒಳಗಿನ ವಿದ್ಯುತ್ ಭಾಗಗಳಿಗೆ ಇಳಿಯುತ್ತದೆ.

ಇಷ್ಟಾದ ಮೇಲೂ ಒಂದೆರಡು ದಿನಕ್ಕೇ ವಾಸನೆ ಮರಳಿದರೆ ತಪ್ಪು ಟ್ಯಾಂಕಿನದಲ್ಲದಿರಬಹುದು. ಟ್ಯಾಂಕಿಗೆ ಬೀಳುವ ಪೈಪಿನ ನೀರನ್ನೇ ಲೋಟಕ್ಕೆ ಹಿಡಿದು ಮೂಸಿ. ಅಲ್ಲೇ ವಾಸನೆ ಇದ್ದರೆ ಕಾರ್ಬನ್ ಫಿಲ್ಟರನ್ನೋ ಪೊರೆಯನ್ನೋ ಬದಲಿಸಬೇಕಾಗಬಹುದು. ಆಗ ಮೆಕ್ಯಾನಿಕ್‌ನನ್ನು ಕರೆಯಿರಿ.