ಹಳೆಯದಾದ ಮಾತ್ರಕ್ಕೆ ‘ಹ್ಯಾಡ್’ ಬರುವುದಿಲ್ಲ

ಕನ್ನಡದ ಹೇಳಿಕೆಗಳನ್ನು ಇಂಗ್ಲಿಷಿಗೆ ಅನುವಾದಿಸುವುದು ನನ್ನ ಕೆಲಸ. ಹೆಚ್ಚಿನವು ವಿಮೆ ಪರಿಹಾರದ ಅರ್ಜಿ ಜೊತೆ ಹೋಗುವ ಕಾಗದಗಳು. ಕಳವು, ಬೆಂಕಿ, ಮಗುಚಿದ ಲಾರಿ. ಅನುವಾದ ಕಳಿಸಿದ ಮೇಲೆ ಅದು ತಿದ್ದಿಸಿಕೊಂಡು ವಾಪಸ್ ಬರುತ್ತದೆ. ತಿದ್ದುಪಡಿ ಯಾವಾಗಲೂ ಒಂದೇ: ನಾನು ‘ವೆಂಟ್’ ಎಂದು ಬರೆದಲ್ಲೆಲ್ಲ ‘ಹ್ಯಾಡ್ ಗಾನ್’. ಯಾಕೆ ಎಂದು ಕೇಳಿದರೆ, ‘ಮೇಡಂ, ಹೋದ ವರ್ಷದ ವಿಷಯ ಅಲ್ವಾ, ಹಳೇದು, ಅದಕ್ಕೆ’ ಎನ್ನುತ್ತಾರೆ. ಪಾಪ, ಹುಡುಗರು ಶ್ರದ್ಧೆಯಿಂದಲೇ ತಿದ್ದಿರುತ್ತಾರೆ. ಶಾಲೆಯಲ್ಲಿ ಅವರಿಗೆ ‘ದೂರದ ಭೂತಕಾಲ’ ಎಂದು ಯಾರೋ ಹೇಳಿಕೊಟ್ಟಿದ್ದಾರೆ.

ದೂರಕ್ಕೂ ಇದಕ್ಕೂ ಸಂಬಂಧವಿಲ್ಲ. ಅಶೋಕ ಆಳಿದ್ದು ಎರಡು ಸಾವಿರ ವರ್ಷಕ್ಕೂ ಹಿಂದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ರೂಲ್ಡ್’ ಸಾಕು. ಹತ್ತು ನಿಮಿಷದ ಹಿಂದೆ ನೀವು ಫೋನ್ ಮಾಡಿದಾಗ ನನ್ನ ಊಟ ಮುಗಿದಿದ್ದರೆ, ಅದಕ್ಕೆ ‘ಹ್ಯಾಡ್ ಈಟನ್’ ಬೇಕು. ಎಷ್ಟು ಹಳೆಯದು ಎಂದು ಲೆಕ್ಕ ಹಾಕುತ್ತಾ ಕೂತರೆ ಇದು ಎಂದೂ ಬಗೆಹರಿಯುವುದಿಲ್ಲ.

ಬಗೆಹರಿಸುವ ದಾರಿಯನ್ನು 1947ರಲ್ಲೇ ಹಾನ್ಸ್ ರೈಶನ್‌ಬಾಖ್ ತೋರಿಸಿದರು. ಜರ್ಮನಿಯಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ದೇಶ ಬಿಟ್ಟು, ಕೊನೆಗೆ ಲಾಸ್ ಏಂಜಲೀಸ್‌ನಲ್ಲಿ ಪಾಠ ಮಾಡಿದ ತತ್ವಶಾಸ್ತ್ರಜ್ಞ. ಅವರ ಪ್ರಕಾರ ಕ್ರಿಯಾಪದದ ಕಾಲ ತಿಳಿಯಲು ಎರಡು ಸಮಯ ಸಾಲದು, ಮೂರು ಬೇಕು. ಮಾತಾಡುವ ಸಮಯ ಒಂದು. ಘಟನೆ ನಡೆದ ಸಮಯ ಒಂದು. ಇವೆರಡು ಎಲ್ಲರಿಗೂ ಗೊತ್ತು. ಮೂರನೆಯದು ಉಲ್ಲೇಖ ಸಮಯ, ಅಂದರೆ ಯಾವ ಹೊತ್ತಿನಲ್ಲಿ ನಿಂತು ನಾವು ಆ ಘಟನೆಯನ್ನು ನೋಡುತ್ತಿದ್ದೇವೆ ಎಂಬುದು. ಜನ ಮರೆಯುವುದು ಇದನ್ನೇ.

‘ವೆಂಟ್’ ಎಂದಾಗ ಘಟನೆ, ಉಲ್ಲೇಖ ಎರಡೂ ಒಂದೇ ಕಡೆ ಇರುತ್ತವೆ. ಮಾತು ಆಮೇಲಿನದು. ‘ಹ್ಯಾಸ್ ಗಾನ್’ ಎಂದಾಗ ಘಟನೆ ಹಿಂದಿನದೇ, ಆದರೆ ನಾವು ಈಗಿನಲ್ಲಿ ನಿಂತು ನೋಡುತ್ತಿದ್ದೇವೆ. ಉಲ್ಲೇಖ, ಮಾತು ಎರಡೂ ಕೂಡಿಕೊಂಡವು. ‘ಹ್ಯಾಡ್ ಗಾನ್’ನಲ್ಲಿ ಮಾತ್ರ ಮೂರೂ ಬೇರೆಬೇರೆ. ಮೊದಲು ಘಟನೆ, ಅದಾದ ಮೇಲೆ ಉಲ್ಲೇಖ, ಅದಾದ ಮೇಲೆ ಮಾತು. ನಡುವಿನ ಆ ಸಮಯ ಕಾಗದದಲ್ಲಿ ಎಲ್ಲಾದರೂ ಇರಲೇಬೇಕು. ಇಲ್ಲದಿದ್ದರೆ ಓದುವವರು ‘ಆಮೇಲೇನಾಯ್ತು?’ ಎಂದು ಕಾಯುತ್ತಾ ಕೂರುತ್ತಾರೆ.

ತಪ್ಪು ಎಲ್ಲಿಂದ ಬರುತ್ತದೆ ಎಂಬುದೂ ಗೊತ್ತು. ಕನ್ನಡದಲ್ಲಿ ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಹೋಗಿದ್ದೆ, ಈಗ ವಾಪಸ್ ಬಂದಿದ್ದೇನೆ. ಯಾರೂ ಮುಂದಿನದಕ್ಕೆ ಕಾಯುವುದಿಲ್ಲ. ಇದನ್ನೇ ‘ಹ್ಯಾಡ್ ಗಾನ್ ಯೆಸ್ಟರ್‌ಡೇ’ ಎಂದು ಇಳಿಸಿದರೆ ಇಂಗ್ಲಿಷಿನಲ್ಲಿ ನೇತಾಡುವ ವಾಕ್ಯವಾಗುತ್ತದೆ. ‘ಅವನು ನಿನ್ನೆ ಬಂದಿದ್ದಾನೆ’ ಎಂಬುದೂ ಹಾಗೆಯೇ. ನಮ್ಮಲ್ಲಿ ‘ನಿನ್ನೆ’ ಘಟನೆಗೆ ಅಂಟಿಕೊಳ್ಳಬಹುದು: ಬಂದದ್ದು ನಿನ್ನೆ, ಇನ್ನೂ ಇಲ್ಲೇ ಇದ್ದಾನೆ. ಇಂಗ್ಲಿಷಿನ ‘ಹ್ಯಾಸ್ ಕಮ್’ನಲ್ಲಿ ಉಲ್ಲೇಖ ಸಮಯ ಈಗ. ಅದರ ಪಕ್ಕ ‘ಯೆಸ್ಟರ್‌ಡೇ’ ಕೂರುವುದಿಲ್ಲ. ಆದರೆ ಜರ್ಮನ್ ಭಾಷೆಯಲ್ಲಿ ಆಡುಮಾತಿನವರು ಇಂಥ ರೂಪದ ಜೊತೆ ‘ನಿನ್ನೆ’ಯನ್ನು ಆರಾಮಾಗಿ ಬಳಸುತ್ತಾರೆ. ಹಾಗಾಗಿ ನಾನು ಹೇಳುತ್ತಿರುವ ನಿಯಮ ಇಂಗ್ಲಿಷಿನದು, ಎಲ್ಲ ಭಾಷೆಯದ್ದಲ್ಲ.

ಒಂದು ಅಂಗಡಿ ಕಳವಿನ ಹೇಳಿಕೆ ನೋಡಿ. ಮಾಲೀಕರು ಹೇಳಿದ್ದು ಹೀಗೆ: ‘ಬೆಳಿಗ್ಗೆ ಆರಕ್ಕೆ ಬಂದಿದ್ದೆ. ಶಟರ್ ಎತ್ತಿದ್ದೆ. ಬೀರು ಒಡೆದಿತ್ತು. ಪೊಲೀಸರಿಗೆ ಫೋನ್ ಮಾಡಿದ್ದೆ.’ ಕನ್ನಡದಲ್ಲಿ ಗೊಂದಲವೇ ಇಲ್ಲ. ತಿದ್ದಿ ಬಂದ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯಕ್ಕೂ ‘ಹ್ಯಾಡ್’. ಹಾಗಾದಾಗ ನಾಲ್ಕೂ ಯಾವುದೋ ಒಂದು ಗೊತ್ತಿಲ್ಲದ ಹೊತ್ತಿಗಿಂತ ಹಿಂದಕ್ಕೆ ಹೋಗುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಲು ಆಧಾರವೇ ಉಳಿಯುವುದಿಲ್ಲ. ಬೀರು ಒಡೆಯುವ ಮುಂಚೆಯೇ ಫೋನ್ ಮಾಡಿದರು ಎಂದೂ ಓದಬಹುದು. ತಗಾದೆ ತೆಗೆಯಬೇಕೆಂದೇ ಓದುವವರು ಖಂಡಿತ ಹಾಗೆ ಓದುತ್ತಾರೆ.

ನಾನು ಮಾಡುವುದು ಇಷ್ಟೆ. ಬಂದರು, ಎತ್ತಿದರು, ಫೋನ್ ಮಾಡಿದರು, ಈ ಮೂರಕ್ಕೂ ಸಾದಾ ಭೂತಕಾಲ. ಹೀಗೆ ಬರೆದರೆ ಒಂದೊಂದು ಕ್ರಿಯೆಯ ಜೊತೆ ಉಲ್ಲೇಖ ಸಮಯವೂ ಒಂದೊಂದು ಹೆಜ್ಜೆ ಮುಂದೆ ಸರಿಯುತ್ತದೆ. ಬೀರಿಗೆ ಮಾತ್ರ ‘ಹ್ಯಾಡ್ ಬೀನ್ ಬ್ರೋಕನ್ ಓಪನ್’. ಯಾಕೆಂದರೆ ಶಟರ್ ಎತ್ತಿದ ಹೊತ್ತಿನಲ್ಲಿ ಅವರು ಕಂಡದ್ದು ಆಗಲೇ ಆಗಿಹೋಗಿದ್ದನ್ನು. ಒಡೆಯುವುದನ್ನು ಅವರು ನೋಡಿಲ್ಲ. ಕಣ್ಣಾರೆ ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬ ಗೆರೆ ಆ ಒಂದು ‘ಹ್ಯಾಡ್’ನಿಂದ ಉಳಿಯುತ್ತದೆ. ನಾಲ್ಕು ಕಡೆ ಹಾಕಿದರೆ ಆ ಗೆರೆ ಅಳಿಸಿಹೋಗುತ್ತದೆ.

ತಿದ್ದುವ ಹುಡುಗರಿಗೆ ನಾನು ಹೇಳುವುದು ಒಂದೇ. ‘ಹ್ಯಾಡ್’ ಬರೆಯುವ ಮುಂಚೆ, ‘ಯಾವ ಹೊತ್ತಿಗೆ ಇದು ಆಗಲೇ ಆಗಿತ್ತು?’ ಎಂದು ಕೇಳಿಕೊಳ್ಳಿ. ಆ ಹೊತ್ತನ್ನು ಪುಟದಲ್ಲಿ ಬೆರಳಿಟ್ಟು ತೋರಿಸಲು ಆಗದಿದ್ದರೆ ‘ಹ್ಯಾಡ್’ ತೆಗೆಯಿರಿ. ಇದಕ್ಕೂ ವಿನಾಯಿತಿ ಉಂಟು. ‘ಆಫ್ಟರ್’, ‘ಬಿಫೋರ್’ ಇದ್ದಾಗ ಹಿಂದುಮುಂದು ಯಾವುದೆಂದು ಆ ಪದವೇ ಹೇಳುತ್ತದೆ. ಅಲ್ಲಿ ಇಂಗ್ಲಿಷಿನವರು ಅನೇಕ ಸಲ ಸಾದಾ ರೂಪವನ್ನೇ ಬಳಸುತ್ತಾರೆ. ಇನ್ನು ‘ಹಾಗೆಂದು ಹೇಳಿದ’ ಎಂದು ಯಾರದೋ ಮಾತನ್ನು ವರದಿ ಮಾಡುವಾಗ, ಅವನು ಹೇಳಿದ ಹೊತ್ತೇ ಉಲ್ಲೇಖ ಸಮಯವಾಗುತ್ತದೆ. ಅಲ್ಲಿ ‘ಹ್ಯಾಡ್’ ಇದ್ದರೆ ತೆಗೆಯಲು ಅವಸರ ಮಾಡಬೇಡಿ.

ನನಗೆ ನಿಜವಾಗಿ ತಲೆನೋವು ಕೊಡುವುದು ಗಂಟೆ ನಮೂದಿಸಿದ ವಾಕ್ಯ. ‘ಕಾವಲುಗಾರ ಹತ್ತು ಗಂಟೆಗೆ ಹೋಗಿದ್ದ.’ ಈ ಹತ್ತು ಯಾವುದರ ಸಮಯ? ಅವನು ಹೊರಟದ್ದು ಹತ್ತಕ್ಕೋ, ಅಥವಾ ಹತ್ತಕ್ಕೆ ನೋಡಿದಾಗ ಅವನು ಆಗಲೇ ಇರಲಿಲ್ಲವೋ? ಮೊದಲನೆಯದಾದರೆ ಹತ್ತು ಘಟನೆಯ ಸಮಯ. ಎರಡನೆಯದಾದರೆ ಹತ್ತು ಉಲ್ಲೇಖ ಸಮಯ, ಹೊರಟದ್ದು ಒಂಬತ್ತೂವರೆಗೂ ಇರಬಹುದು, ಎಂಟಕ್ಕೂ ಇರಬಹುದು. ಇಂಗ್ಲಿಷಿನ ‘ಹ್ಯಾಡ್ ಲೆಫ್ಟ್ ಆಟ್ ಟೆನ್’ನಲ್ಲೂ ಇದೇ ಇಬ್ಬಗೆ. ಅವನ ಕೆಲಸದ ಅವಧಿ ಹತ್ತರವರೆಗೆ ಇದ್ದರೆ ಎರಡು ಅರ್ಥಕ್ಕೂ ಬಹಳ ವ್ಯತ್ಯಾಸ. ಒಂದರಲ್ಲಿ ಅವನದು ತಪ್ಪಿಲ್ಲ. ಇನ್ನೊಂದರಲ್ಲಿ ಅಂಗಡಿಗೆ ಕಾವಲೇ ಇರಲಿಲ್ಲ. ಅದರಿಂದ ಪರಿಹಾರಕ್ಕೆ ಏನಾಗುತ್ತದೆ ಎಂಬುದು ಪಾಲಿಸಿ ಓದಿದವರಿಗೆ ಬಿಟ್ಟದ್ದು, ನಾನು ಹೇಳುವಂತಿಲ್ಲ.

ಕನ್ನಡದಲ್ಲಿ ‘ಹತ್ತು ಗಂಟೆ ಹೊತ್ತಿಗೆ ಆಗಲೇ ಹೋಗಿದ್ದ’ ಎಂದಿದ್ದರೆ ಹತ್ತು ಉಲ್ಲೇಖ ಸಮಯವೇ. ಇಂಗ್ಲಿಷಿನಲ್ಲಿ ‘ಬೈ ಟೆನ್’ ಎಂದು ಬರೆಯುತ್ತೇನೆ. ಬರೀ ‘ಹೊತ್ತಿಗೆ’ ಇದ್ದರೆ ಸ್ವಲ್ಪ ಎಚ್ಚರ ಬೇಕು, ಅದು ‘ಹೆಚ್ಚುಕಡಿಮೆ ಹತ್ತಕ್ಕೆ’ ಎಂದೂ ಆಗಬಹುದು. ‘ಹೊರಟದ್ದು ಹತ್ತಕ್ಕೆ’ ಎಂದಿದ್ದರೆ ಘಟನೆಯ ಸಮಯ, ‘ಲೆಫ್ಟ್ ಆಟ್ ಟೆನ್’ ಸಾಕು, ‘ಹ್ಯಾಡ್’ ಬೇಡ. ಯಾವುದೂ ಸ್ಪಷ್ಟವಿಲ್ಲದಿದ್ದರೆ ಫೋನ್ ಮಾಡಿ ಕೇಳುತ್ತೇನೆ. ಆದರೆ ‘ಹತ್ತಕ್ಕೆ ಹೊರಟನಾ?’ ಎಂದು ಕೇಳಬಾರದು. ಹಾಗೆ ಕೇಳಿದರೆ ಎಲ್ಲರೂ ‘ಹೂಂ’ ಅಂತಾರೆ. ‘ಹತ್ತು ಗಂಟೆ ನಿಮಗೆ ಹೇಗೆ ಗೊತ್ತಾಯ್ತು?’ ಎಂದು ಕೇಳಬೇಕು. ಒಬ್ಬ ಯಜಮಾನರು, ‘ಹತ್ತಕ್ಕೆ ಅಂಗಡಿ ಮುಂದೆ ಬಂದೆನಮ್ಮಾ, ಕುರ್ಚಿ ಖಾಲಿ ಇತ್ತು’ ಎಂದರು. ಅಲ್ಲಿಗೆ ಹತ್ತು ಯಾವುದರ ಸಮಯ ಎಂದು ಗೊತ್ತಾಯಿತು. ‘ಹ್ಯಾಡ್ ಲೆಫ್ಟ್ ಬೈ ಟೆನ್’ ಎಂದು ಬರೆದು, ಅವರು ಫೋನಿನಲ್ಲಿ ಹೇಳಿದ್ದನ್ನು ಲಿಖಿತವಾಗಿಯೂ ಕೊಡಲು ಹೇಳಿದೆ. ಹೇಳಿಕೆಯಲ್ಲಿ ಇಲ್ಲದ್ದನ್ನು ಅನುವಾದಕಿ ಸೇರಿಸಿದರೆ ಅದು ಬೇರೆಯದೇ ತಕರಾರು.